ಪಾಸ್‌ಬುಕ್ಕಲ್ಲಿ ಮೂರು ಸಲ ಬಂದ 5,250: ಜಮೀನಿನ ಬಾಡಿಗೆ ಏರಿಕೆಯ ಲೆಕ್ಕ

ಶೇಂಗಾ ಕಳೆ ಕೆಲಸ ಮುಗಿದು ಎರಡು ದಿನ ಬಿಡುವಾಗಿದೆ. ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ಒಂದು ವಿಷಯ ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಆಗ್ತದೆ, ಲೆಕ್ಕನೂ ಇದೆ. ಆದ್ರೆ ಎಸ್ಸೆಸ್ಸೆಲ್ಸಿ ಪಾಸಾದ ನನಗೇ ತಿಳಿದ ಲೆಕ್ಕ, ನಿಮಗೂ ತಿಳೀತದೆ.

ನಮ್ಮ ಚಳ್ಳಕೆರೆ ಕಡೆ ಈಗ ಸೋಲಾರ್‌ನವರು ಜಮೀನು ಕೇಳ್ಕೊಂಡು ಊರೂರು ಸುತ್ತುತಿದಾರೆ. ಕೊಡೋದು ಸರಿಯೋ ತಪ್ಪೋ ಅನ್ನೋ ಚರ್ಚೆಗೆ ನಾನು ಬರಲ್ಲ. ಅದು ಅವರವರ ಮನೆ ಪರಿಸ್ಥಿತಿ. ನಾನೂ ಕೊಟ್ಟಿದೀನಿ. ನೀರಿಲ್ಲದ, ಕಲ್ಲು ಜಾಸ್ತಿ ಇರೋ 3 ಎಕರೆ 20 ಗುಂಟೆ. ಎಕರೆಗೆ ವರ್ಷಕ್ಕೆ 30,000 ರೂಪಾಯಿ, 25 ವರ್ಷ, ಪ್ರತಿ ವರ್ಷ ಶೇ. 5 ಹೆಚ್ಚಳ. ಬಾಡಿಗೆ ವರ್ಷದ ಮೊದಲಿಗೇ, ಜೂನ್ ತಿಂಗಳಲ್ಲಿ ಖಾತೆಗೆ ಬೀಳಬೇಕು. ನಾನು ಬರೆಯೋಕೆ ಹೊರಟಿರೋದು ಆ ಕೊನೆಯ ಮಾತಿನ ಬಗ್ಗೆ, ಶೇ. 5 ಹೆಚ್ಚಳದ ಬಗ್ಗೆ. ಸಹಿ ಹಾಕುವಾಗ ಎಲ್ಲರೂ 30,000ನೇ ನೋಡ್ತೀವಿ. 25 ವರ್ಷದಲ್ಲಿ ನಮ್ಮ ಕೈಗೆ ಬರೋ ದುಡ್ಡಲ್ಲಿ ಅರ್ಧಕ್ಕೆ ಹತ್ತಿರ ಈ ಶೇ. 5ರಿಂದಲೇ ಬರೋದು.

ಮೊದಲನೇ ವರ್ಷ ನನಗೆ ಬಂದದ್ದು 1,05,000. ಎರಡನೇ ವರ್ಷ 1,10,250. ಮೂರನೇ ವರ್ಷ 1,15,500. ನಾಲ್ಕನೇ ವರ್ಷ 1,20,750. ಪ್ರತಿ ಸಲ ಜಾಸ್ತಿಯಾಗಿ ಬರ್ತಿದೆ, ತಡಾನೂ ಆಗ್ತಿಲ್ಲ. ಇನ್ನೇನು ಬೇಕು ಅಂತ ಸುಮ್ನಿದ್ದೆ. ನಾಲ್ಕನೇ ವರ್ಷದ ದುಡ್ಡು ಬಿದ್ದಾಗ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬಂದು ಕಟ್ಟೆ ಮೇಲೆ ಕೂತು ನೋಡ್ತಾ ಇದ್ದೆ. ಏರಿಕೆ 5,250, ಮತ್ತೆ 5,250, ಮತ್ತೆ 5,250. ಮೂರು ಸಲವೂ ಒಂದೇ ಅಂಕಿ. ಅಲ್ಲಿ ನನಗೆ ಏನೋ ಸರಿ ಕಾಣಲಿಲ್ಲ. ಹೈಸ್ಕೂಲಲ್ಲಿ ನಮ್ಮ ಲೆಕ್ಕದ ಮೇಷ್ಟ್ರು ಚಕ್ರಬಡ್ಡಿ ಪಾಠ ಮಾಡುವಾಗ ಹೇಳಿದ್ದು ನೆನಪಾಯ್ತು. ಸಾದಾ ಬಡ್ಡಿ ನಿಂತಲ್ಲೇ ನಿಂತಿರ್ತದೆ, ಚಕ್ರಬಡ್ಡಿ ವರ್ಷ ವರ್ಷ ಬೆಳೀತದೆ ಅಂತ.

ಸಾಲದ ವಿಷಯಕ್ಕೆ ಬಂದ್ರೆ ಚಕ್ರಬಡ್ಡಿ ಅಂದ ಕೂಡಲೇ ನಮ್ಮ ಎದೆ ಝಲ್ ಅಂತದೆ. ಬಡ್ಡಿ ಅಸಲಿಗೆ ಸೇರಿ, ಆ ಬಡ್ಡಿಗೂ ಬಡ್ಡಿ ಬೆಳೆಯೋದನ್ನ ನಾವು ಅನುಭವಿಸಿದೀವಿ. ಅದೇ ಚಕ್ರ ನಮ್ಮ ಕಡೆಗೆ ತಿರುಗುವ ಜಾಗ ಒಂದಿದ್ರೆ ಅದು ಈ ಬಾಡಿಗೆ ಏರಿಕೆ. ಅಲ್ಲಿ ಮಾತ್ರ ನಾವು ಲೆಕ್ಕ ಹಾಕೋದು ಮರೀತೀವಿ.

ಈಗ ಒಂದು ಎಕರೆಗೆ ಲೆಕ್ಕ ಹಾಕೋಣ. ಶೇ. 5 ತೆಗೆಯೋಕೆ ನನ್ನ ದಾರಿ ಇದು: ಮೊತ್ತದ ಹತ್ತನೇ ಒಂದು ಪಾಲು ತೆಗಿರಿ, ಅದರಲ್ಲಿ ಅರ್ಧ ಮಾಡಿ. 30,000ದ ಹತ್ತನೇ ಪಾಲು 3,000, ಅದರಲ್ಲಿ ಅರ್ಧ 1,500. ಹಾಗಾಗಿ ಎರಡನೇ ವರ್ಷ 31,500. ಇಲ್ಲಿ ತನಕ ಯಾರಿಗೂ ತಕರಾರಿಲ್ಲ.

ತಕರಾರು ಶುರುವಾಗೋದು ಮೂರನೇ ವರ್ಷದಿಂದ. ಏರಿಕೆ ಹಿಂದಿನ ವರ್ಷದ ಬಾಡಿಗೆ ಮೇಲೆ ಅಂತ ಇದ್ರೆ, ಈಗ ಶೇ. 5 ತೆಗೀಬೇಕಾದ್ದು 30,000ಕ್ಕಲ್ಲ, 31,500ಕ್ಕೆ. ಹತ್ತನೇ ಪಾಲು 3,150, ಅರ್ಧ 1,575. ಮೂರನೇ ವರ್ಷ 33,075. ನಾಲ್ಕನೇ ವರ್ಷಕ್ಕೆ 33,075ರ ಮೇಲೆ: 1,653 ರೂಪಾಯಿ 75 ಪೈಸೆ. ಬಾಡಿಗೆ 34,728.75. ಏರಿಕೆ ನೋಡಿ: 1,500, ಆಮೇಲೆ 1,575, ಆಮೇಲೆ 1,653.75. ಬಾಡಿಗೆ ಜೊತೆಗೆ ಏರಿಕೆಯೂ ಬೆಳೀತಾ ಹೋಗ್ತದೆ. ಇದೇ ಚಕ್ರಬಡ್ಡಿ ರೀತಿಯ ಹೆಚ್ಚಳ.

ಕಂಪನಿಯ ಲೆಕ್ಕದ ಹುಡುಗ ಮಾಡಿದ್ದು ಬೇರೆ. ಅವನು ಪ್ರತಿ ವರ್ಷವೂ ಮೊದಲನೇ ವರ್ಷದ ಬಾಡಿಗೆಗೇ ಶೇ. 5 ತೆಗೆದು ಸೇರಿಸ್ತಾ ಹೋಗಿದ್ದ. ಎಕರೆಗೆ 31,500, 33,000, 34,500. ನನ್ನ ಮೂರೂವರೆ ಎಕರೆಗೆ ಮೂರನೇ ವರ್ಷ 262 ರೂಪಾಯಿ 50 ಪೈಸೆ ಕಮ್ಮಿ, ನಾಲ್ಕನೇ ವರ್ಷ 800 ರೂಪಾಯಿ 63 ಪೈಸೆ ಕಮ್ಮಿ.

ಮನೇಲಿ ಹೇಳಿದ್ರೆ, "ಎಂಟುನೂರು ರೂಪಾಯಿಗೆ ಕೆಲಸ ಬಿಟ್ಟು ಓಡಾಡ್ತೀರಾ?" ಅಂದ್ರು. ಅದು ಸರಿಯಾದ ಪ್ರಶ್ನೇನೇ. ಎಂಟುನೂರೇ ಆಗಿದ್ರೆ ನಾನೂ ಹೋಗ್ತಿರಲಿಲ್ಲ. ಆದ್ರೆ ಅವತ್ತು ರಾತ್ರಿ ನೋಟ್‌ಬುಕ್ಕಲ್ಲಿ 25 ಸಾಲು ಬರೆದು ನೋಡಿದೆ. ಹತ್ತನೇ ವರ್ಷಕ್ಕೆ ಬಂದಾಗ ಎಕರೆಗೆ ಒಂದು ಲೆಕ್ಕದಲ್ಲಿ 46,540, ಇನ್ನೊಂದರಲ್ಲಿ 43,500. ಇಪ್ಪತ್ತೈದನೇ ವರ್ಷಕ್ಕೆ ಒಂದರಲ್ಲಿ 96,753, ಇನ್ನೊಂದರಲ್ಲಿ 66,000. ಆ ಒಂದೇ ವರ್ಷದಲ್ಲಿ ಎಕರೆಗೆ 30,753 ರೂಪಾಯಿ ವ್ಯತ್ಯಾಸ. ಅಂದ್ರೆ ಮೊದಲನೇ ವರ್ಷದ ಪೂರ್ತಿ ಬಾಡಿಗೆಗಿಂತ ಜಾಸ್ತಿ.

25 ವರ್ಷದ್ದೂ ಕೂಡಿಸಿದ್ರೆ ಹಿಂದಿನ ವರ್ಷದ ಮೇಲೆ ಏರೋ ಲೆಕ್ಕದಲ್ಲಿ ಎಕರೆಗೆ ಸುಮಾರು 14,31,800 ರೂಪಾಯಿ. ಮೊದಲ ವರ್ಷದ ಮೇಲೇ ಏರೋ ಲೆಕ್ಕದಲ್ಲಿ ಸರಿಯಾಗಿ 12,00,000. ನನ್ನ ಮೂರೂವರೆ ಎಕರೆಗೆ ವ್ಯತ್ಯಾಸ 8 ಲಕ್ಷದ 11 ಸಾವಿರ. ಎಂಟುನೂರು ರೂಪಾಯಿಯ ಹಿಂದೆ ಎಂಟು ಲಕ್ಷ ಕೂತಿತ್ತು.

ಬೆಳಿಗ್ಗೆ ಅಗ್ರಿಮೆಂಟ್ ಹಿಡ್ಕೊಂಡು ಸೈಟ್ ಆಫೀಸಿಗೆ ಹೋದೆ. ಆ ಹುಡುಗ ಒಳ್ಳೆಯವನೇ. "ಯಜಮಾನ್ರೇ, ಶೇ. 5 ಅಂದ್ರೆ 5,250 ಅಲ್ವಾ, ಪ್ರತಿ ವರ್ಷ ಅಷ್ಟೇ ಸೇರಿಸ್ತಿದೀವಲ್ಲ" ಅಂದ. "ಏನಪ್ಪಾ, ಶೇ. 5 ಯಾವುದರ ಮೇಲೆ ಅಂತ ಈ ಹಾಳೇಲಿ ಬರೆದಿದೆ, ನೀನೇ ಓದು" ಅಂದೆ. ಅಗ್ರಿಮೆಂಟ್ ಇಂಗ್ಲಿಷಲ್ಲಿತ್ತು. ನನ್ನ ತಮ್ಮನ ಮಗ ಮುಂಚೇನೇ ಓದಿ ಆ ಸಾಲಿಗೆ ಪೆನ್ಸಿಲ್ ಗೆರೆ ಹಾಕಿಕೊಟ್ಟಿದ್ದ. ಅಲ್ಲಿ "ಪ್ರಿಸೀಡಿಂಗ್ ಇಯರ್" ಅಂತ ಇತ್ತು. ಹಿಂದಿನ ವರ್ಷದ ಬಾಡಿಗೆ ಮೇಲೆ ಅಂತ ಅರ್ಥ. ಹುಡುಗ ಎರಡು ಸಲ ಓದಿದ, ದೊಡ್ಡ ಆಫೀಸಿಗೆ ಫೋನ್ ಮಾಡಿದ. ನಾನು ಒಂದು ಅರ್ಜಿ ಬರೆದು ಕೊಟ್ಟು, ಅದರ ನಕಲಿನ ಮೇಲೆ ಸೀಲು ಹಾಕಿಸ್ಕೊಂಡು ಬಂದೆ. ಮೂರು ಸಲ ಓಡಾಡಿದ ಮೇಲೆ ಹಿಂಬಾಕಿ 1,063 ರೂಪಾಯಿ ಖಾತೆಗೆ ಬಿತ್ತು, ಐದನೇ ವರ್ಷದಿಂದ ಲೆಕ್ಕ ಸರಿಯಾಯ್ತು. ಬಸ್ ಚಾರ್ಜು, ತಿಂಡಿ, ಹೋದ ಕೂಲಿ ಎಲ್ಲ ಸೇರಿ ಆ 1,063 ಅಲ್ಲಿಗಲ್ಲಿಗೆ ಆಯ್ತು. ಆದ್ರೂ ಆ ಮೂರು ಓಡಾಟದಷ್ಟು ಲಾಭದ ಕೆಲಸ ನಾನು ಹೊಲದಲ್ಲೂ ಮಾಡಿಲ್ಲ.

ಇದನ್ನ ನಾನು ಜಂಬಕ್ಕೆ ಹೇಳ್ತಿಲ್ಲ. ಯಾಕಂದ್ರೆ ಇದೇ ಕಥೆ ನಮ್ಮ ಪಕ್ಕದ ಹೊಲದ ಅಣ್ಣನ ವಿಷಯದಲ್ಲಿ ಬೇರೆ ಥರ ಮುಗೀತು. ಅವರದ್ದು 4 ಎಕರೆ. ಅದೇ 30,000, ಅದೇ ಶೇ. 5, ಅದೇ 25 ವರ್ಷ. ನನಗೆ ಹಿಂಬಾಕಿ ಬಂದದ್ದು ಕೇಳಿ ಅವರೂ ಅಗ್ರಿಮೆಂಟ್ ತಗೊಂಡು ಬಂದ್ರು. ಓದಿ ನೋಡಿದ್ರೆ ಅವರ ಹಾಳೇಲಿ "ಪ್ರಿಸೀಡಿಂಗ್ ಇಯರ್" ಇಲ್ಲ, "ಬೇಸ್ ರೆಂಟ್" ಅಂತ ಇದೆ. ಮೂಲ ಬಾಡಿಗೆ ಮೇಲೆ ಅಂತ. ಅವರಿಗೆ ಪ್ರತಿ ವರ್ಷ ಎಕರೆಗೆ 1,500 ಏರ್ತಿರೋದು ಅಗ್ರಿಮೆಂಟ್ ಪ್ರಕಾರ ಸರಿಯೇ. ರಿಜಿಸ್ಟರ್ ಆಗಿರೋ ಪತ್ರ. ಇಬ್ಬರೂ ಒಪ್ಪಿ ತಿದ್ದುಪಡಿ ಪತ್ರ ಮಾಡಿಸಿದ್ರೆ ಮಾತ್ರ ಬದಲಾಗ್ತದೆ, ಕೊಡೋರು ಸುಮ್ನೆ ಯಾಕೆ ಒಪ್ತಾರೆ? ನಾಲ್ಕು ಎಕರೆಗೆ 25 ವರ್ಷದಲ್ಲಿ 9 ಲಕ್ಷದ 27 ಸಾವಿರ. ಒಂದು ಬದು ಈ ಕಡೆ, ಒಂದು ಬದು ಆ ಕಡೆ. ಎರಡು ಪದದ ವ್ಯತ್ಯಾಸ. ಅಣ್ಣ ಅವತ್ತು ಏನೂ ಮಾತಾಡದೆ ಹಾಳೆ ಮಡಚಿ ಜೇಬಿಗಿಟ್ಕೊಂಡು ಹೋದ್ರು. ನನಗೆ ಅದೇ ಕಣ್ಣಿಗೆ ಕಟ್ಟಿದಂಗಿದೆ. ಈ ಬರಹ ಬರೆಯೋಕೆ ಅದೇ ಕಾರಣ.

ಮೂರನೇ ಥರದ್ದೂ ಇದೆ. "ಬಾಡಿಗೆಯನ್ನು ಪ್ರತಿ ವರ್ಷ ಶೇ. 5ರಷ್ಟು ಹೆಚ್ಚಿಸಲಾಗುವುದು" ಅಂತ ಅಷ್ಟೇ ಬರೆದು ಬಿಡೋದು. ಯಾವುದರ ಮೇಲೆ ಅಂತಾನೇ ಇಲ್ಲ. ನಾವು ಒಂದು ಓದ್ತೀವಿ, ಅವರು ಒಂದು ಓದ್ತಾರೆ. ಹತ್ತನೇ ವರ್ಷದಲ್ಲಿ ಜಗಳ ಬರ್ತದೆ, ಅಷ್ಟೊತ್ತಿಗೆ ಮಾತಾಡಿದ ಮನುಷ್ಯ ಆ ಕಂಪನೀಲೇ ಇರಲ್ಲ. ಹಂಗಾಗಿ ಸಾಲು ಹೀಗಿರಬೇಕು: ಪ್ರತಿ ವರ್ಷದ ಬಾಡಿಗೆಯು ಅದರ ಹಿಂದಿನ ವರ್ಷದಲ್ಲಿ ಕೊಡಬೇಕಾಗಿದ್ದ ಬಾಡಿಗೆಗಿಂತ ಶೇ. 5 ಹೆಚ್ಚಾಗಿರತಕ್ಕದ್ದು. "ಕೊಟ್ಟ ಬಾಡಿಗೆ" ಅಂತ ಅಲ್ಲ, "ಕೊಡಬೇಕಾಗಿದ್ದ ಬಾಡಿಗೆ" ಅಂತ ಇರ್ಲಿ. ಒಂದು ವರ್ಷ ತಪ್ಪಿ ಕಮ್ಮಿ ಕೊಟ್ರೆ, ಆ ಕಮ್ಮಿಯೇ ಮುಂದಿನ ವರ್ಷದ ಲೆಕ್ಕಕ್ಕೆ ತಳಪಾಯ ಆಗಬಾರದು.

ಇನ್ನೊಂದು ತಪ್ಪು ನಾನೇ ಮಾಡಿದ್ದು, ಅದನ್ನೂ ಹೇಳ್ತೀನಿ. ತಮ್ಮನ ಮಗ ಮೊಬೈಲಲ್ಲಿ ಒಂದೇ ಏಟಿಗೆ 25ನೇ ವರ್ಷದ ಬಾಡಿಗೆ ತೆಗೆದುಕೊಟ್ಟ. 1,01,591 ಬಂತು. ನನ್ನ ನೋಟ್‌ಬುಕ್ಕಲ್ಲಿ 96,753. ನಾನೇ ಎಲ್ಲೋ ತಪ್ಪಿದೀನಿ ಅಂದ್ಕೊಂಡೆ. ಕೂತು ಎಣಿಸಿದ ಮೇಲೆ ಗೊತ್ತಾಯ್ತು, ಅವನು 25 ಸಲ ಏರಿಸಿದ್ದ. 25ನೇ ವರ್ಷಕ್ಕೆ ಏರೋದು 24 ಸಲ ಅಷ್ಟೇ, ಯಾಕಂದ್ರೆ ಮೊದಲನೇ ವರ್ಷಕ್ಕೆ ಏರಿಕೆ ಇಲ್ಲ. 25 ಕಲ್ಲು ಕಂಬ ನೆಟ್ರೆ ನಡುವೆ 24 ಸಂದು ಇರ್ತಾವಲ್ಲ, ಹಂಗೆ. ಹತ್ತನೇ ವರ್ಷ ಅಂದ್ರೆ 9 ಸಲ, ನಾಲ್ಕನೇ ವರ್ಷ ಅಂದ್ರೆ 3 ಸಲ. ಇದು ಗೊತ್ತಿಲ್ಲದೆ ಜಗಳಕ್ಕೆ ಹೋದ್ರೆ ನಮ್ಮ ಮಾತೇ ಬಿದ್ದೋಗ್ತದೆ.

ಮೊಬೈಲ್ ಕ್ಯಾಲ್ಕುಲೇಟರಲ್ಲಿ ಮಾಡೋರು 30000 × 1.05 = ಒತ್ತಿ. ಬಂದ ಉತ್ತರಕ್ಕೇ ಮತ್ತೆ × 1.05 = ಒತ್ತುತಾ ಹೋಗಿ. ಒಂದೊಂದು ಸಲಕ್ಕೂ ಒಂದೊಂದು ವರ್ಷ ಮುಂದಕ್ಕೆ ಹೋಗ್ತದೆ. 0.05 ಅಂತ ಒತ್ತಿದ್ರೆ ಬರೀ ಏರಿಕೆ ಬರ್ತದೆ, ಬಾಡಿಗೆ ಬರಲ್ಲ. 1.5 ಅಂತ ಒತ್ತಿದ್ರೆ ಶೇ. 50 ಏರಿಬಿಡ್ತದೆ. ಓದಿದ ಮಕ್ಕಳು ಮನೇಲಿದ್ರೆ ಎಕ್ಸೆಲ್‌ನಲ್ಲಿ ಎ ಕಾಲಂನಲ್ಲಿ ಎರಡನೇ ಸಾಲಿಂದ 1ರಿಂದ 25ರ ತನಕ ವರ್ಷ ಬರೆದು, ಬಿ ಕಾಲಂನಲ್ಲಿ ಅದೇ ಎರಡನೇ ಸಾಲಲ್ಲಿ ಇದನ್ನ ಹಾಕಿ ಕೆಳಗೆ ಎಳೀಲಿ:

```
=30000*1.05^(A2-1)
```

ಆ ಕೊನೆಯ ಮೈನಸ್ ಒಂದು ಮರೆತಿದ್ದೇ ನಮ್ಮ ಹುಡುಗ. ಬಂದ ಪಟ್ಟಿ ಸರಿ ಇದೆಯಾ ಅಂತ ನೋಡೋಕೆ ಇನ್ನೊಂದು ಸುಲಭ ದಾರಿ ಇದೆ. 72ನ್ನ ಏರಿಕೆಯ ಶೇಕಡದಿಂದ ಭಾಗಿಸಿದ್ರೆ ಮೊತ್ತ ಎರಡರಷ್ಟಾಗೋಕೆ ಸುಮಾರು ಎಷ್ಟು ವರ್ಷ ಬೇಕು ಅಂತ ಸಿಗ್ತದೆ. 72 ಭಾಗ 5, ಹದಿನಾಲ್ಕೂವರೆ ಹತ್ತಿರ. ನಮ್ಮ ಪಟ್ಟೀಲಿ 15ನೇ ವರ್ಷ 59,398, 16ನೇ ವರ್ಷ 62,368. ಅಂದ್ರೆ 60,000 ಅವೆರಡರ ನಡುವೆ ಬಂತು, ಲೆಕ್ಕ ಸರಿ ಇದೆ. ನಿಮ್ಮ ಪಟ್ಟೀಲಿ 20ನೇ ವರ್ಷವಾದ್ರೂ ಎರಡರಷ್ಟು ಆಗಿಲ್ಲ ಅಂದ್ರೆ ಅದು ಮೂಲ ಬಾಡಿಗೆ ಮೇಲಿನ ಲೆಕ್ಕ ಅಂತಲೇ ತಿಳ್ಕೊಳ್ಳಿ. ಅದರಲ್ಲಿ ಎರಡರಷ್ಟು ಆಗೋದು 21ನೇ ವರ್ಷಕ್ಕೆ.

ಈಗ ಎರಡನೇ ಮುಖ್ಯ ಪ್ರಶ್ನೆ. ಮೊದಲನೇ ಏರಿಕೆ ಯಾವತ್ತಿಂದ? ಸಹಿ ಹಾಕಿದ ದಿನದಿಂದ ವರ್ಷ ಎಣಿಸ್ತಾರಾ, ಜಮೀನು ಬಿಟ್ಟುಕೊಟ್ಟ ದಿನದಿಂದಲಾ, ಇಲ್ಲ ಪ್ಲಾಂಟ್ ಕೆಲಸ ಮುಗಿದು ಕರೆಂಟ್ ಬಿಟ್ಟ ದಿನದಿಂದಲಾ? ಕಟ್ಟೋ ಕಾಲದಲ್ಲಿ ಏರಿಕೆ ಇಲ್ಲ, ಒಂದೇ ಬಾಡಿಗೆ ಅಂತ ಒಂದು ಸಾಲು ಇರ್ತದೆ. ಓದುವಾಗ ಒಂದು ವರ್ಷದ 1,500 ತಾನೇ ಹೋದ್ರೆ ಹೋಯ್ತು ಅನ್ನಿಸ್ತದೆ. ಹಂಗಲ್ಲ. ಏರಿಕೆ ಒಂದು ವರ್ಷ ತಡ ಆದ್ರೆ ಪಟ್ಟಿಯ ಪ್ರತಿ ಸಾಲೂ ಒಂದೊಂದು ಮೆಟ್ಟಿಲು ಕೆಳಗೆ ಇಳೀತದೆ. 30,000 ಎರಡು ಸಲ ಬರ್ತದೆ, ಆಮೇಲೆ 31,500, ಹಿಂಗೇ ಹೋಗಿ ಕೊನೆಯ 96,753 ನಮಗೆ ಸಿಗೋದೇ ಇಲ್ಲ, ಅಷ್ಟೊತ್ತಿಗೆ ಅವಧಿ ಮುಗಿದಿರ್ತದೆ. ಅಂದ್ರೆ ನಮಗೆ ನಷ್ಟ ಕೊನೆಯ ವರ್ಷದ ಬಾಡಿಗೆಯಲ್ಲಿ ಮೊದಲ ವರ್ಷದ್ದು ಕಳೆದಷ್ಟು: 96,753ರಲ್ಲಿ 30,000 ಕಳೆದ್ರೆ 66,753. ಎಕರೆಗೆ. ಒಂದು ವರ್ಷದ ರಿಯಾಯಿತಿಗೆ ಕೊಡೋ ಬೆಲೆ ಅದು. ಕಟ್ಟೋಕೆ ಅವರಿಗೂ ಟೈಮ್ ಬೇಕು, ಒಪ್ತೀನಿ. ಬೇಕಿದ್ರೆ ಮೊದಲನೇ ವರ್ಷ ಒಂದೆರಡು ಸಾವಿರ ಬಿಟ್ಟುಕೊಡಿ, ಆದ್ರೆ ಏರಿಕೆಯ ಗಡಿಯಾರ ಮಾತ್ರ ಒಂದು ನಿಗದಿಯಾದ ತಾರೀಖಿನಿಂದ ಓಡ್ಲಿ. ಆ ತಾರೀಖು ದಿನ, ತಿಂಗಳು, ಇಸವಿ ಸಮೇತ ಹಾಳೇಲಿ ಇರ್ಲಿ.

ಎಷ್ಟು ವರ್ಷಕ್ಕೊಮ್ಮೆ ಅನ್ನೋದೂ ಇದರ ಜೊತೆಗೇ ಬರ್ತದೆ. ನಮಗೆ ಹತ್ತಿರದ ಪಾವಗಡದ ಸೋಲಾರ್ ಪಾರ್ಕಿನದು ಎಲ್ಲರಿಗೂ ಗೊತ್ತಿರೋ ಲೆಕ್ಕ. ಅಲ್ಲಿ ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಳ ಅಂತ ಆಗಿದ್ದು. ಅದೂ ಹಿಂದಿನ ಬಾಡಿಗೆ ಮೇಲೇ ಏರ್ತದೆ ಅಂತ ಇಟ್ಕೊಂಡ್ರೆ ಮೊದಲ ಎರಡು ವರ್ಷ 21,000, ಮುಂದಿನ ಎರಡು ವರ್ಷ 22,050, ಆಮೇಲೆ 23,152.50. ಹಿಂಗೆ 25ನೇ ವರ್ಷಕ್ಕೆ 12 ಸಲ ಏರಿ ಸುಮಾರು 37,713 ಆಗ್ತದೆ. ಅದೇ 21,000 ಪ್ರತಿ ವರ್ಷ ಏರಿದ್ರೆ 67,727 ಆಗ್ತಿತ್ತು. ಅಲ್ಲಿಯವರು ತಪ್ಪು ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಅವರ ಕಾಲ ಬೇರೆ, ಬರ ಬೇರೆ. ಹೇಳೋದು ಇಷ್ಟೇ: "ಅಲ್ಲೂ ಶೇ. 5, ಇಲ್ಲೂ ಶೇ. 5" ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ಎರಡು ವರ್ಷಕ್ಕೊಮ್ಮೆ ಶೇ. 5 ಅಂದ್ರೆ ವರ್ಷಕ್ಕೆ ಶೇ. ಎರಡೂವರೆಗೂ ಚೂರು ಕಮ್ಮಿ.

ಇದೇ ಥರ "ಮೂರು ವರ್ಷಕ್ಕೊಮ್ಮೆ ಶೇ. 15" ಅಂತ ಬರ್ತದೆ. ಮೂರೈದ್ಲಿ ಹದಿನೈದು, ಒಂದೇ ಅಲ್ವಾ ಅಂತಾರೆ. ಅಲ್ಲ. ಪ್ರತಿ ವರ್ಷ ಏರಿದ್ರೆ ಮೂರು ಏರಿಕೆ ಮುಗಿದಾಗ 34,728.75 ಆಗಿರ್ತದೆ. ಮೂರು ವರ್ಷಕ್ಕೊಮ್ಮೆ ಶೇ. 15 ಅಂದ್ರೆ 34,500. ಅದೂ ಅಲ್ಲದೆ ನಡುವಿನ ಎರಡನೇ ವರ್ಷದ 1,500, ಮೂರನೇ ವರ್ಷದ 3,075 ಏನೂ ಸಿಗಲ್ಲ.

ಇನ್ನು ನನ್ನ ಅಭಿಪ್ರಾಯ. ನಾವು ಊರಲ್ಲಿ ಚೌಕಾಸಿ ಮಾಡೋದೆಲ್ಲ ಮೊದಲನೇ ವರ್ಷದ ಬಾಡಿಗೆಗೆ. ಮಧ್ಯದಲ್ಲಿ ಓಡಾಡೋರಿಗೆ ಇದು ಗೊತ್ತು. "ಎಕರೆಗೆ ಎರಡು ಸಾವಿರ ಜಾಸ್ತಿ ಕೊಡಿಸ್ತೀನಿ, ಏರಿಕೆ ಮಾತ್ರ ಮೂಲ ಬಾಡಿಗೆ ಮೇಲೆ" ಅಂತಾರೆ. ಎಲ್ಲರೂ ಖುಷಿಯಾಗಿ ಸಹಿ ಹಾಕ್ತಾರೆ. ನೋಡೋಣ. 32,000ಕ್ಕೆ ಪ್ರತಿ ವರ್ಷ 1,600 ಸೇರಿಸ್ತಾ ಹೋದ್ರೆ ಒಂಬತ್ತನೇ ವರ್ಷದ ತನಕ ಅದೇ ಜಾಸ್ತಿ. ಹತ್ತನೇ ವರ್ಷ ಅದು 46,400, ನಮ್ಮ 30,000ದ್ದು 46,540. ಅಲ್ಲಿಂದ ಮುಂದೆ ನಮ್ಮದೇ ಮೇಲೆ. 25 ವರ್ಷಕ್ಕೆ ಅವರದ್ದು 12,80,000, ನಮ್ಮದು 14,31,800. ಐದು ಸಾವಿರ ಜಾಸ್ತಿ, ಅಂದ್ರೆ 35,000 ಕೊಟ್ರೂ ಆ ಲೆಕ್ಕದಲ್ಲಿ ಒಟ್ಟು 14,00,000 ದಾಟಲ್ಲ.

ಇದಕ್ಕೆ ಇನ್ನೊಂದು ಮುಖ ಇದೆ, ಮುಚ್ಚಿಡಲ್ಲ. ಮೊದಲು ಸಿಗೋ ದುಡ್ಡಿಗೆ ಬೆಲೆ ಜಾಸ್ತಿ. ಈಗ ಸಾಲ ಇರೋರು, ಮಗಳ ಮದುವೆ ಇರೋರು, ಎಪ್ಪತ್ತು ದಾಟಿದೋರು ಮೊದಲ ಹತ್ತು ವರ್ಷ ಜಾಸ್ತಿ ಬಂದ್ರೆ ಸಾಕು ಅಂದ್ರೆ ಅದು ತಪ್ಪಲ್ಲ. 35,000 ಬೇಕು ಅಂತ ಲೆಕ್ಕ ಮಾಡಿ ಒಪ್ಪಿದ್ರೆ ಅದು ವ್ಯವಹಾರ, ಲೆಕ್ಕ ಮಾಡದೆ ಒಪ್ಪಿದ್ರೆ ಅದು ಮೋಸ ಹೋಗೋದು. ಎರಡಕ್ಕೂ ಹಾಕೋ ಸಹಿ ಒಂದೇ ಥರ ಕಾಣ್ತದೆ. ಮತ್ತೆ ಆ ಜಮೀನು ಕೊನೆಯ ಹತ್ತು ವರ್ಷ ನಮ್ಮ ಮಕ್ಕಳದ್ದು, ಬಾಡಿಗೆ ತಗೊಳ್ಳೋರು ಅವರು. ಅವರ ಪಾಲನ್ನ ನಾವು ಈಗಲೇ ಉಣ್ಣೋದಾದ್ರೆ ಅವರನ್ನ ಒಂದು ಮಾತು ಕೇಳಿ ಉಣ್ಣೋಣ.

ಗುಂಟೆ ಲೆಕ್ಕದ ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಪಹಣೀಲಿ 3 ಎಕರೆ 20 ಗುಂಟೆ ಅನ್ನೋದನ್ನ 3.20 ಅಂತ ಬರೀತಾರೆ. ಎಕರೆಗೆ 40 ಗುಂಟೆ, ಹಂಗಾಗಿ ಅದು ಮೂರೂವರೆ, 3.5. ಕ್ಯಾಲ್ಕುಲೇಟರಲ್ಲಿ 3.20 ಅಂತ ಒತ್ತಿದ್ರೆ 96,000 ಬರ್ತದೆ, ಬರಬೇಕಾದ್ದು 1,05,000. ಮೊದಲನೇ ಸಾಲಲ್ಲಿ ಆದ 9,000ದ ತಪ್ಪು ಮುಂದೆ ಶೇ. 5ರಂತೆ ತಾನೂ ಏರ್ತಾ ಹೋಗ್ತದೆ. ಚಕ್ರಕ್ಕೆ ಬಾಡಿಗೆ ಯಾವುದು, ತಪ್ಪು ಯಾವುದು ಅಂತ ಗೊತ್ತಿಲ್ಲ, ಎರಡನ್ನೂ ಬೆಳೆಸ್ತದೆ. ಗುಂಟೆಯನ್ನ 40ರಿಂದ ಭಾಗಿಸಿ ಆಮೇಲೆ ಎಕರೆಗೆ ಸೇರಿಸಿ.

ಇಷ್ಟೆಲ್ಲ ನೋಡಿದ ಮೇಲೆ ನಾನು ಎಲ್ಲರಿಗೂ ಹೇಳೋದು ಒಂದೇ ಮಾತು. ಅಗ್ರಿಮೆಂಟಿನ ಹಿಂದೆ 25 ಸಾಲಿನ ಪಟ್ಟಿ ಲಗತ್ತಿಸೋ ತನಕ ಸಹಿ ಹಾಕಬೇಡಿ. ಪಟ್ಟೀಲಿ ನಾಲ್ಕು ಕಾಲಂ ಸಾಕು: ಎಷ್ಟನೇ ವರ್ಷ, ಯಾವ ತಾರೀಖಿಂದ ಯಾವ ತಾರೀಖಿನ ತನಕ, ಎಕರೆಗೆ ಎಷ್ಟು, ನಿಮ್ಮ ಒಟ್ಟು ಜಮೀನಿಗೆ ಎಷ್ಟು. ಪೈಸೆಯನ್ನ ಕೊಡುವಾಗ ಮಾತ್ರ ರೂಪಾಯಿಗೆ ಸರಿ ಮಾಡ್ಲಿ, ಮುಂದಿನ ವರ್ಷದ ಲೆಕ್ಕಕ್ಕೆ ಪೈಸೆ ಸಮೇತ ಇರೋ ಅಂಕಿಯನ್ನೇ ತಗೊಳ್ಳಲಿ. ಮೇಲಿನ ಸಾಲಿನ ಮಾತಿಗೂ ಪಟ್ಟಿಗೂ ವ್ಯತ್ಯಾಸ ಬಂದ್ರೆ ಪಟ್ಟಿಯೇ ಅಂತಿಮ ಅಂತ ಒಂದು ಸಾಲು ಸೇರಿಸಿ. ಪಟ್ಟಿಯ ಪ್ರತಿ ಹಾಳೆಗೂ ಎರಡೂ ಕಡೆಯವರ ಸಹಿ ಇರ್ಲಿ, ಪತ್ರದ ಜೊತೆಗೇ ರಿಜಿಸ್ಟರ್ ಆಗ್ಲಿ. ಪಟ್ಟಿ ಇದ್ರೆ ಇಂಗ್ಲಿಷ್ ಬೇಡ, ವಕೀಲರ ವ್ಯಾಖ್ಯಾನ ಬೇಡ. ಅಂಕಿ ಎಲ್ಲರಿಗೂ ಓದೋಕೆ ಬರ್ತದೆ. ಕಂಪನಿಯವರಿಗೂ ಇದರಿಂದ ಕಷ್ಟ ಇಲ್ಲ, ಹತ್ತು ನಿಮಿಷದ ಕೆಲಸ. ಪಟ್ಟಿ ಕೊಡೋಕೆ ಹಿಂದೆ ಮುಂದೆ ನೋಡ್ತಾರೆ ಅಂದ್ರೆ ಯಾಕೆ ಅಂತ ನೀವೇ ಯೋಚನೆ ಮಾಡಿ.

ಆಗಲೇ ಸಹಿ ಹಾಕಿರೋರು ಇವತ್ತೇ ಒಂದು ಕೆಲಸ ಮಾಡಿ. ಪಾಸ್‌ಬುಕ್ ತೆಗೆದು ಈ ವರ್ಷ ಬಂದದ್ದನ್ನ ಹೋದ ವರ್ಷ ಬಂದದ್ದರಿಂದ ಭಾಗಿಸಿ. ತೆರಿಗೆ ಮುರ್ಕೊಂಡು ಹಾಕಿದ್ರೆ, ಮುರಿಯೋಕೆ ಮುಂಚಿನ ಮೊತ್ತ ತಗೊಳ್ಳಿ. ಪ್ರತಿ ವರ್ಷವೂ 1.05 ಬಂದ್ರೆ ಹಿಂದಿನ ವರ್ಷದ ಮೇಲೇ ಏರ್ತಿದೆ. ಮೊದಲು 1.05, ಆಮೇಲೆ 1.0476, ಆಮೇಲೆ 1.0455 ಅಂತ ಇಳೀತಾ ಹೋದ್ರೆ ಮೂಲ ಬಾಡಿಗೆ ಮೇಲೇ ಏರಿಸ್ತಿದಾರೆ. ಆಗ ಅಗ್ರಿಮೆಂಟ್ ತೆಗೆದು ಆ ಒಂದು ಸಾಲು ಓದಿಸಿ. ನನ್ನ ಹಾಳೇಲಿ ಇದ್ದಂಗೆ ಇದ್ರೆ ಅರ್ಜಿ ಬರೆದು, ನಕಲಿಗೆ ಸೀಲು ಹಾಕಿಸಿ, ಹಿಂಬಾಕಿ ಕೇಳಿ. ಮೂರನೇ ನಾಲ್ಕನೇ ವರ್ಷದಲ್ಲಿ ಕೇಳಿದ್ರೆ ಸಾವಿರದ ಮಾತು, ಹದಿನೈದನೇ ವರ್ಷದಲ್ಲಿ ಕೇಳಿದ್ರೆ ಲಕ್ಷದ ಜಗಳ.

ಪಕ್ಕದ ಹೊಲದ ಅಣ್ಣ ಮೊನ್ನೆ ಸಿಕ್ಕಿದ್ರು. ಅವರ ಇನ್ನೊಂದು ತುಂಡು, 2 ಎಕರೆ, ಬೇರೆ ಯಾರೋ ಕೇಳ್ತಿದಾರಂತೆ. "ಈ ಸಲ ಪಟ್ಟಿ ಕೊಡ್ದೆ ಇದ್ರೆ ಹುರುಳಿ ಚೆಲ್ತೀನಿ ಕಣಪ್ಪ" ಅಂದ್ರು. ಅವರ ಆ ಎರಡು ಎಕರೆಯ ಪಟ್ಟಿ ಬರೆದುಕೊಡೋಕೆ ಭಾನುವಾರ ಅವರ ಮನೆಗೆ ಹೋಗ್ತಿದೀನಿ.